ನಾಲಿಗೆ ‘ಈ’ ಎನ್ನಲಿ, ತುಟಿ ‘ಊ’ ಎನ್ನಲಿ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂತು. ಅದನ್ನು ತಂದವರ ಹೆಸರು ನಮ್ಮ ಪುಸ್ತಕಗಳಲ್ಲಿ ಒಂದು ಕಡೆ ಮೋಗ್ಲಿಂಗ್ ಎಂದಿರುತ್ತದೆ, ಇನ್ನೊಂದು ಕಡೆ ಮೊಗ್ಲಿಂಗ್, ಮತ್ತೆಲ್ಲೋ ಮೇಗ್ಲಿಂಗ್. ಬರೆದವರು ಎಚ್ಚರ ತಪ್ಪಿದರು ಎನ್ನುವಂತಿಲ್ಲ. ಆ ಜರ್ಮನ್ ಪಾದ್ರಿಯ ಹೆಸರಿನ ಮೊದಲ ಸ್ವರ ಕನ್ನಡದಲ್ಲಿ ಇಲ್ಲವೇ ಇಲ್ಲ. ಅದು ‘ಓ’ ಅಲ್ಲ, ‘ಏ’ಯೂ ಅಲ್ಲ. ಒಬ್ಬರ ಕಿವಿ ಅದರ ತುಟಿಯನ್ನು ಹಿಡಿಯಿತು, ಇನ್ನೊಬ್ಬರ ಕಿವಿ ಅದರ ನಾಲಿಗೆಯನ್ನು ಹಿಡಿಯಿತು. ಎರಡನ್ನೂ ಒಟ್ಟಿಗೆ ಹಿಡಿಯುವುದಕ್ಕೆ ಅಕ್ಷರ ಇರಲಿಲ್ಲ, ಅಷ್ಟೆ. ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಸಂಸ್ಥೆಗೆ ಎರಡು ಹೆಸರುಗಳಿವೆ: ಗಯಟೆ ಇನ್‌ಸ್ಟಿಟ್ಯೂಟ್, ಮ್ಯಾಕ್ಸ್ ಮುಲ್ಲರ್ ಭವನ. ಮೋಗ್ಲಿಂಗರ ಹೆಸರಿನಲ್ಲಿರುವ ಸ್ವರವೇ ಗಯಟೆಯಲ್ಲೂ ಇದೆ. ಮುಲ್ಲರ್‌ನಲ್ಲಿ ಇರುವುದು ಅದರ ಒಡಹುಟ್ಟು. ಆ ಫಲಕವನ್ನು ದಿನವೂ ಓದಿಕೊಂಡು ಓಡಾಡುವ ನಮ್ಮಲ್ಲಿ ಹೆಚ್ಚಿನವರು ಎರಡು ಹೆಸರನ್ನೂ ಕನ್ನಡದ ಸ್ವರ ಹಾಕಿಯೇ ಹೇಳುತ್ತೇವೆ.

ನಾನು ಕೆಲವು ವರ್ಷಗಳಿಂದ ಸಂಜೆ ಹೊತ್ತು ಜರ್ಮನ್ ಕಲಿಸುತ್ತೇನೆ. ಬರುವವರಲ್ಲಿ ನರ್ಸಿಂಗ್ ಮುಗಿಸಿದವರೇ ಹೆಚ್ಚು, ಒಂದಿಷ್ಟು ಎಂಜಿನಿಯರುಗಳೂ ಇರುತ್ತಾರೆ. ಮನೆಮಾತು ಬಹುಮಟ್ಟಿಗೆ ಕನ್ನಡ. ವ್ಯಾಕರಣವನ್ನು ಅವರು ಕೂತು ಓದಿ ಗೆಲ್ಲುತ್ತಾರೆ. ಎಡವುವುದು ನಾಲ್ಕೇ ನಾಲ್ಕು ಧ್ವನಿಗಳಲ್ಲಿ. ಎರಡು ಸ್ವರ, ಎರಡು ವ್ಯಂಜನ. ಸ್ವರಗಳನ್ನು ಒಂದು ಪಾಠದಲ್ಲಿ, ವ್ಯಂಜನಗಳನ್ನು ಬೇರೆ ಪಾಠದಲ್ಲಿ ಕಲಿಸುವುದು ವಾಡಿಕೆ. ನಾನೂ ಹಾಗೆಯೇ ಕಲಿಸುತ್ತಿದ್ದೆ. ನಾಲ್ಕೂ ಒಂದೇ ಸಂಗತಿಯ ಎರಡು ಮುಖ ಎಂಬುದು ನನಗೆ ತಡವಾಗಿ ಹೊಳೆಯಿತು. ಆಮೇಲೆ ಕಲಿಸುವುದು ಸುಲಭವಾಯಿತು. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಬರವಣಿಗೆಯ ತೊಡಕನ್ನು ಬಗೆಹರಿಸಿಕೊಳ್ಳೋಣ. ಜರ್ಮನ್ನರು ಈ ಸ್ವರಗಳನ್ನು ರೋಮನ್ ಲಿಪಿಯ ‘ಯು’ ಮತ್ತು ‘ಓ’ ಅಕ್ಷರಗಳ ನೆತ್ತಿಯ ಮೇಲೆ ಎರಡೆರಡು ಚುಕ್ಕೆ ಇಟ್ಟು ಬರೆಯುತ್ತಾರೆ. ನಮ್ಮ ಮಕ್ಕಳು ತಪ್ಪು ದಾರಿ ಹಿಡಿಯುವುದು ಇಲ್ಲಿಂದಲೇ. ಅಕ್ಷರ ‘ಯು’ವಿನಂತೆ ಕಾಣುವುದರಿಂದ ಬಾಯಿ ‘ಊ’ ಕಡೆಗೆ ಓಡುತ್ತದೆ. ಹಾಗಾಗಿ ತರಗತಿಯಲ್ಲಿ ನಾನು ಕನ್ನಡದಲ್ಲೇ ಒಂದು ಗುರುತು ಮಾಡಿಕೊಂಡಿದ್ದೇನೆ. ಇ, ಈ, ಎ, ಏ ಸ್ವರಗಳ ಪಕ್ಕದಲ್ಲಿ ಒಂದು ಸಣ್ಣ ಉಂಗುರ: ಇ°, ಈ°, ಎ°, ಏ°. ಉಂಗುರ ಎಂದರೆ ದುಂಡಾದ ತುಟಿ. ಅಕ್ಷರ ಹೇಳಿದಲ್ಲಿ ನಾಲಿಗೆ ಇರಬೇಕು, ಉಂಗುರ ತೋರಿಸಿದಂತೆ ತುಟಿ ಇರಬೇಕು. ಈ ಲೆಕ್ಕದಲ್ಲಿ ಮೋಗ್ಲಿಂಗ್ ‘ಮೇ°ಗ್ಲಿಂಗ್’ ಆಗುತ್ತಾರೆ, ಗಯಟೆ ‘ಗೇ°ಟೆ’ ಆಗುತ್ತಾನೆ, ಮುಲ್ಲರ್ ‘ಮಿ°ಲರ್’ ಆಗುತ್ತಾರೆ.

ಕನ್ನಡಿಗರಿಗೆ ಇದು ಏಕೆ ಕಷ್ಟ? ನಮ್ಮ ಭಾಷೆಯಲ್ಲಿ ತುಟಿಯೂ ನಾಲಿಗೆಯೂ ಜೋಡೆತ್ತುಗಳು. ಇ, ಎ ಹೇಳುವಾಗ ನಾಲಿಗೆಯ ನಡುಭಾಗ ಮುಂದಕ್ಕೆ ಬಂದು ಅಂಗುಳದ ಕಡೆಗೆ ಏಳುತ್ತದೆ, ತುಟಿ ಅಗಲವಾಗುತ್ತದೆ. ಉ, ಒ ಹೇಳುವಾಗ ನಾಲಿಗೆ ಹಿಂದಕ್ಕೆ ಸರಿಯುತ್ತದೆ, ತುಟಿ ದುಂಡಾಗುತ್ತದೆ. ಹುಟ್ಟಿದಾಗಿನಿಂದ ಒಟ್ಟಿಗೆ ಕಟ್ಟಿಕೊಂಡು ಬಂದ ಚಲನೆಗಳಿವು. ತುಟಿ ದುಂಡಾದ ಕೂಡಲೇ ನಾಲಿಗೆ ಕೇಳದೆಯೇ ಹಿಂದಕ್ಕೆ ಹೋಗುತ್ತದೆ. ಜರ್ಮನ್ ಕೇಳುವುದು ಈ ನೊಗವನ್ನು ಕಳಚಲು: ನಾಲಿಗೆ ‘ಈ’ಯ ಜಾಗದಲ್ಲೇ ನಿಂತಿರಬೇಕು, ತುಟಿ ಮಾತ್ರ ‘ಊ’ ಆಗಬೇಕು. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಇ ತಾಲವ್ಯ, ಉ ಓಷ್ಠ್ಯ. ಜರ್ಮನ್ನಿನ ಈ° ಎರಡೂ ಹೌದು.

ತುಳು ಮನೆಮಾತಿನವರಿಗೆ ಇಲ್ಲಿ ಒಂದು ಅನುಕೂಲವಿದೆ. ತುಳುವಿನಲ್ಲಿ ನೀರು, ಕಣ್ಣು ಎಂಬ ಪದಗಳ ಕೊನೆಗೆ ಬರುವ ಅರೆ ಉಕಾರವನ್ನು ನೆನಪಿಸಿಕೊಳ್ಳಿ. ಅಲ್ಲಿ ನಾಲಿಗೆ ಹಿಂದೆ ಇರುತ್ತದೆ, ತುಟಿ ಮಾತ್ರ ದುಂಡಾಗುವುದಿಲ್ಲ. ಅಂದರೆ ಅವರ ಬಾಯಿ ಆ ನೊಗವನ್ನು ಒಮ್ಮೆ ಕಳಚಿದೆ, ಆದರೆ ತಿರುಗುಮುರುಗಾಗಿ. ಕೊಡವ ಭಾಷೆಯಲ್ಲೂ ತುಟಿ ದುಂಡಾಗದ ಇಂಥ ಸ್ವರಗಳಿವೆ. ತುಟಿ ಮತ್ತು ನಾಲಿಗೆ ಬೇರೆ ಬೇರೆ ಕೆಲಸ ಮಾಡಬಲ್ಲವು ಎಂಬುದನ್ನು ಆ ಮಕ್ಕಳಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಈಗ ಕೈಯಲ್ಲಿ ಒಂದು ಕನ್ನಡಿ ಹಿಡಿದುಕೊಳ್ಳಿ. ಉಸಿರೆಳೆದುಕೊಂಡು ‘ಈ’ ಎಂದು ರಾಗ ಎಳೆಯಿರಿ. ನಾಲಿಗೆಯ ತುದಿ ಕೆಳಹಲ್ಲುಗಳ ಹಿಂಬದಿಗೆ ತಾಗಿಕೊಂಡಿದೆಯೇ ನೋಡಿಕೊಳ್ಳಿ. ಅದು ಅಲ್ಲಿಂದ ಕದಲಬಾರದು. ರಾಗ ನಿಲ್ಲಿಸದೆ, ನಿಧಾನವಾಗಿ, ದೀಪ ಆರಿಸುವಾಗ ಮಾಡುವಂತೆ ತುಟಿಯನ್ನು ಮುಂದಕ್ಕೆ ಚಾಚಿ ಕಿರಿದಾಗಿಸಿ. ಧ್ವನಿ ಬದಲಾಗುತ್ತದೆ, ಸ್ವಲ್ಪ ಮಂಕಾಗುತ್ತದೆ. ಅದೇ ಈ°. ಈಗ ಮತ್ತೆ ತುಟಿ ಅಗಲಿಸಿ, ಮತ್ತೆ ದುಂಡಗೆ ಮಾಡಿ. ಈ, ಈ°, ಈ, ಈ°. ಕನ್ನಡಿಯಲ್ಲಿ ತುಟಿ ಮಾತ್ರ ಆಡಬೇಕು.

ಮೊದಲ ದಿನ ಹತ್ತರಲ್ಲಿ ಎಂಟು ಜನರ ನಾಲಿಗೆ ತುಟಿಯ ಜೊತೆಗೇ ಹಿಂದೆ ಜಾರಿರುತ್ತದೆ. ಬಾಯಿಯೊಳಗೆ ನಡೆಯುವುದು ಕಣ್ಣಿಗೆ ಕಾಣುವುದಿಲ್ಲವಲ್ಲ, ತಿಳಿಯುವುದು ಹೇಗೆ? ಅದಕ್ಕೊಂದು ಪರೀಕ್ಷೆ ಇದೆ, ನನಗೆ ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ಸಿಕ್ಕಿಲ್ಲ. ಈ° ಎಂದು ನೀವು ನಂಬಿರುವ ಧ್ವನಿಯನ್ನು ಎಳೆಯುತ್ತಲೇ, ಎರಡು ಬೆರಳಿನಿಂದ ತುಟಿಯ ಎರಡೂ ಅಂಚುಗಳನ್ನು ಹಿಡಿದು ಪಕ್ಕಕ್ಕೆ ಎಳೆದುಬಿಡಿ. ಶುದ್ಧ ‘ಈ’ ಕೇಳಿಸಿದರೆ ನಾಲಿಗೆ ಸರಿಯಾದ ಜಾಗದಲ್ಲೇ ಇತ್ತು. ‘ಈ’ಯೂ ಅಲ್ಲದ ‘ಊ’ವೂ ಅಲ್ಲದ, ಗಂಟಲ ಕಡೆಯಿಂದ ಬಂದಂಥ ಮಬ್ಬು ಸ್ವರ ಕೇಳಿಸಿದರೆ ನಾಲಿಗೆ ಹಿಂದೆ ಹೋಗಿತ್ತು. ಬೆರಳಿಗೆ ಸುಳ್ಳು ಹೇಳಲಾಗುವುದಿಲ್ಲ.

ಸಿಳ್ಳೆ ಹಾಕಲು ಬರುವವರಿಗೆ ಇನ್ನೊಂದು ದಾರಿ. ಸಿಳ್ಳೆಯಲ್ಲಿ ತುಟಿ ದುಂಡಗೇ ಇರುತ್ತದೆ, ಸ್ವರ ಏರಿಸಿ ಇಳಿಸುವುದು ನಾಲಿಗೆ. ತಾರಕದ ಸಿಳ್ಳೆಗೆ ನಾಲಿಗೆ ಮುಂದೆ ಬರುತ್ತದೆ, ಮಂದ್ರದ ಸಿಳ್ಳೆಗೆ ಹಿಂದೆ ಸರಿಯುತ್ತದೆ. ಆದಷ್ಟು ಎತ್ತರದ ಸ್ವರದಲ್ಲಿ ಸಿಳ್ಳೆ ಹಾಕಿ, ಹಾಗೇ ಬಾಯಿ ಕದಲಿಸದೆ ಗಂಟಲ ದನಿ ಸೇರಿಸಿ. ಈ°ಗೆ ತೀರ ಹತ್ತಿರದ ಧ್ವನಿ ಬರುತ್ತದೆ.

ಇನ್ನೊಂದು ಸ್ವರಕ್ಕೆ ಹೊಸದಾಗಿ ಏನೂ ಕಲಿಯಬೇಕಿಲ್ಲ. ‘ಏ’ ಎಂದು ಎಳೆದು ತುಟಿ ದುಂಡಗೆ ಮಾಡಿದರೆ ಏ°. ದವಡೆ ‘ಏ’ಯಲ್ಲಿ ಎಷ್ಟು ತೆರೆದಿತ್ತೋ ಅಷ್ಟೇ ತೆರೆದಿರಲಿ. ಈ ಎರಡೂ ಸ್ವರಗಳಿಗೆ ಹ್ರಸ್ವ, ದೀರ್ಘ ಉಂಟು, ಮತ್ತು ಇದರಲ್ಲಿ ಕನ್ನಡಿಗರು ಇಂಗ್ಲಿಷರಿಗಿಂತ ಬಹಳ ಮುಂದೆ. ‘ಹೇ°ಲೆ’ ಎಂದರೆ ಗುಹೆ, ‘ಹೆ°ಲೆ’ ಎಂದರೆ ನರಕ. ಎಲೆ, ಏಲಕ್ಕಿ ಬೇರೆ ಬೇರೆ ಎಂದು ಹುಟ್ಟಿನಿಂದ ಬಲ್ಲ ಕಿವಿಗೆ ಈ ಭೇದವನ್ನು ಎರಡು ಸಲ ಹೇಳಬೇಕಾಗಿಲ್ಲ. ಹ್ರಸ್ವದಲ್ಲಿ ಬಾಯಿ ಸ್ವಲ್ಪ ಸಡಿಲ, ತುಟಿಯೂ ಸಡಿಲ, ಅಷ್ಟೇ.

ಉಂಗುರವೊಂದು ತಪ್ಪಿದರೆ ಪದವೇ ಬೇರೆಯಾಗುತ್ತದೆ. ‘ಟೀರ್’ ಪ್ರಾಣಿ, ‘ಟೀ°ರ್’ ಬಾಗಿಲು. ‘ಲೇಜ಼ನ್’ ಓದುವುದು, ‘ಲೇ°ಜ಼ನ್’ ಬಿಡಿಸುವುದು. ‘ಕೆನ್ನನ್’ ಪರಿಚಯವಿರುವುದು, ‘ಕೆ°ನ್ನನ್’ ಶಕ್ಯವಾಗುವುದು. ಇವುಗಳಲ್ಲಿ ನಾಲಿಗೆ ಇದ್ದಲ್ಲೇ ಇದೆ, ತುಟಿ ಮಾತ್ರ ಬೇರೆ. ಇನ್ನೊಂದು ಬಗೆಯ ಜೋಡಿಯಲ್ಲಿ ತುಟಿ ಎರಡರಲ್ಲೂ ದುಂಡಗಿರುತ್ತದೆ, ನಾಲಿಗೆ ಬೇರೆ: ‘ಶೋನ್’ ಎಂದರೆ ಆಗಲೇ, ‘ಶೇ°ನ್’ ಎಂದರೆ ಚೆಂದ. ‘ಬ್ರೂಡರ್’ ಒಬ್ಬ ಸಹೋದರ, ‘ಬ್ರೀ°ಡರ್’ ಹಲವರು. ಕಲಿಯುವವರು ಈ ಎರಡನೆಯ ಬಗೆಯನ್ನು ಮಾತ್ರ ಅಭ್ಯಾಸ ಮಾಡುತ್ತಾರೆ, ಏಕೆಂದರೆ ಪುಸ್ತಕದಲ್ಲಿ ಅಕ್ಷರಗಳು ಹಾಗೆ ಜೋಡಿಯಾಗಿ ಕಾಣುತ್ತವೆ. ಮೊದಲ ಬಗೆಯಿಂದ ಶುರುಮಾಡಿ ಎಂದು ನಾನು ಒತ್ತಿ ಹೇಳುತ್ತೇನೆ. ಟೀರ್–ಟೀ°ರ್ ಬಂದವರಿಗೆ ಶೋನ್–ಶೇ°ನ್ ತಾನಾಗಿ ಬರುತ್ತದೆ. ತಿರುಗಿಸಿದರೆ ಆ ಮಾತು ನಿಜವಲ್ಲ.

ಕನ್ನಡದ ಬಾಯಿಗೇ ವಿಶೇಷವಾದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ನಾವು ‘ಎಲ್ಲಿ’ ಎಂದು ಬರೆದು ‘ಯೆಲ್ಲಿ’ ಎನ್ನುತ್ತೇವೆ, ‘ಒಂದು’ ಎಂದು ಬರೆದು ‘ವೊಂದು’ ಎನ್ನುತ್ತೇವೆ. ಪದದ ಮೊದಲ ಸ್ವರಕ್ಕೆ ಯಕಾರ ವಕಾರದ ಮೆಟ್ಟಿಲು ಹಾಕುವುದು ನಮ್ಮ ಸಹಜ ಅಭ್ಯಾಸ. ‘ಮೇಲೆ’ ಎಂಬ ಅರ್ಥದ ‘ಈ°ಬರ್’ ಆ ಅಭ್ಯಾಸದಿಂದ ‘ಯೂಬರ್’ ಆಗುತ್ತದೆ. ಜರ್ಮನ್ನಿನಲ್ಲಿ ಪದದ ಆರಂಭದ ಸ್ವರಕ್ಕೆ ಮೆಟ್ಟಿಲಿಲ್ಲ. ಗಂಟಲಲ್ಲಿ ಸಣ್ಣಗೆ ತಡೆದು, ಕೆಮ್ಮು ಶುರುವಾಗುವ ಕ್ಷಣದಂತೆ, ಒಮ್ಮೆಲೇ ಬಿಡುತ್ತಾರೆ. ಪದದ ನಡುವೆಯೂ ಇದೇ ಯಕಾರ ನುಸುಳುತ್ತದೆ: ಬಾಗಿಲು ‘ಟ್ಯೂರ್’ ಆಗುತ್ತದೆ. ಇದರ ಕಾರಣ ಕನ್ನಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ನಮ್ಮವರ ತುಟಿ ದುಂಡಾಗುವುದು ತಡವಾಗಿ, ಟಕಾರ ಮುಗಿದ ಮೇಲೆ. ಮೊದಲು ‘ಟಿ’ ಬಂದು ಆಮೇಲೆ ‘ಊ’ ಬರುತ್ತದೆ, ಎರಡರ ನಡುವೆ ಯಕಾರ ಹುಟ್ಟುತ್ತದೆ. ಏಕಕಾಲದಲ್ಲಿ ಆಗಬೇಕಾದದ್ದು ಒಂದರ ಹಿಂದೊಂದು ಆಗುತ್ತಿದೆ. ಟಕಾರಕ್ಕೆ ನಾಲಿಗೆ ಏಳುವ ಮೊದಲೇ ತುಟಿ ದುಂಡಗಾಗಿ ಕಾದಿರಲಿ. ಜರ್ಮನ್ನರು ಬಾಗಿಲು ಎನ್ನುವಾಗ ಸದ್ದು ಹೊರಡುವ ಮುಂಚೆಯೇ ಅವರ ತುಟಿ ಮುಂದೆ ಬಂದಿರುತ್ತದೆ. ಅವರ ಮಾತಿನ ಚಿತ್ರಗಳನ್ನು ದನಿ ಆರಿಸಿ ನೋಡಿ, ಇದು ಸ್ಪಷ್ಟವಾಗಿ ಕಾಣುತ್ತದೆ.

ಇನ್ನು ವ್ಯಂಜನಗಳು. ರೋಮನ್ ಲಿಪಿಯ ‘ಸಿ’ ಮತ್ತು ‘ಎಚ್’ ಜೋಡಿಸಿ ಬರೆದದ್ದನ್ನು ನಾವು ಇಂಗ್ಲಿಷಿನ ಪ್ರಭಾವದಲ್ಲಿ ‘ಚ’ ಎಂದು ಓದುತ್ತೇವೆ. ಜರ್ಮನ್ನಿನಲ್ಲಿ ಆ ಜೋಡಿಗೆ ಮುಖ್ಯವಾಗಿ ಎರಡು ಧ್ವನಿ. ಎರಡೂ ಕನ್ನಡದ ವರ್ಣಮಾಲೆಯಲ್ಲಿ ಇಲ್ಲ. ಒಂದು ಗಂಟಲ ಕಡೆಯದು, ಅದನ್ನು ‘ಖ಼’ ಎಂದು ಬರೆಯುತ್ತೇನೆ. ಇನ್ನೊಂದು ಅಂಗುಳದ್ದು, ಅದನ್ನು ‘ಯ಼’ ಎಂದು ಬರೆಯುತ್ತೇನೆ. ಜರ್ಮನ್ ಕಲಿಸುವವರು ಮೊದಲನೆಯದನ್ನು ‘ಅಖ಼್’ ಧ್ವನಿ ಎನ್ನುತ್ತಾರೆ, ಎರಡನೆಯದನ್ನು ‘ಇಯ಼್’ ಧ್ವನಿ ಎನ್ನುತ್ತಾರೆ. ‘ಅಖ಼್’ ನಮ್ಮ ‘ಅಯ್ಯೋ’ ಇದ್ದಂತೆ ಒಂದು ಉದ್ಗಾರ. ‘ಇಯ಼್’ ಎಂದರೆ ನಾನು.

ಗಂಟಲ ಧ್ವನಿ ನಮಗೆ ಅಷ್ಟೊಂದು ಪರಕೀಯವಲ್ಲ. ಉರ್ದು ಅಥವಾ ದಖನಿ ಮನೆಮಾತಿನ ಕನ್ನಡಿಗರು ‘ಖ಼ಬರ್’ ಎನ್ನುವಾಗ ಬರುವುದು ಇದೇ. ಹಳೆಯ ವ್ಯಾಕರಣಗಳಲ್ಲಿ ಜಿಹ್ವಾಮೂಲೀಯ ಎಂಬ ಹೆಸರು ಓದಿದ ನೆನಪಿರಬಹುದು. ಅಂತಃಕರಣ, ಪ್ರಾತಃಕಾಲದಂಥ ಪದಗಳಲ್ಲಿ ಕಕಾರದ ಮುಂಚೆ ಬರುವ ವಿಸರ್ಗಕ್ಕೆ ಪಾಣಿನಿಯ ವ್ಯಾಕರಣ ಕೊಡುವ ರೂಪ ಅದು: ನಾಲಿಗೆಯ ಬುಡದಲ್ಲಿ ಉಜ್ಜಿಕೊಂಡು ಬರುವ ಉಸಿರು. ಕನ್ನಡ ಲಿಪಿಯಲ್ಲಿ ಅದಕ್ಕೆಂದೇ ‘ೱ’ ಎಂಬ ಚಿಹ್ನೆ ಇದೆ. ಬಳಕೆ ತಪ್ಪಿಹೋದ ಆ ಅಕ್ಷರವೇ ಜರ್ಮನ್ನಿನ ಖ಼.

ನಮ್ಮ ಖಕಾರ ಅದಲ್ಲ. ಖಕಾರದಲ್ಲಿ ಉಸಿರು ಒಮ್ಮೆ ಪೂರ್ತಿ ನಿಂತು, ಆಮೇಲೆ ಸಿಡಿಯುತ್ತದೆ. ಖ಼ದಲ್ಲಿ ಎಲ್ಲೂ ನಿಲ್ಲುವುದಿಲ್ಲ. ಪರೀಕ್ಷೆ ಬಹಳ ಸುಲಭ: ಐದು ಸೆಕೆಂಡು ಎಳೆದು ನೋಡಿ. ಖಕಾರವನ್ನು ಎಳೆಯಲು ಆಗುವುದಿಲ್ಲ, ಖ಼ವನ್ನು ಉಸಿರಿರುವಷ್ಟು ಹೊತ್ತೂ ಎಳೆಯಬಹುದು. ಉಸಿರು ನಿಂತಿತೆಂದರೆ ಅರ್ಥವೂ ಕೆಡುತ್ತದೆ. ‘ನಖ಼್‌ಟ್’ ರಾತ್ರಿ, ‘ನಕ್ಟ್’ ಬೆತ್ತಲೆ. ಶುಭರಾತ್ರಿ ಹೇಳುವಾಗ ಈ ಎಚ್ಚರ ಬೇಕು. ಕನ್ನಡಕದ ಗಾಜು ಒರೆಸುವ ಮುಂಚೆ ‘ಹಾ’ ಎಂದು ಊದುತ್ತೇವಲ್ಲ, ಹಾಗೆ ಊದುತ್ತಾ ನಾಲಿಗೆಯ ಹಿಂಭಾಗವನ್ನು ಕಕಾರದ ಜಾಗದ ಕಡೆಗೆ ಮೆಲ್ಲಗೆ ಎತ್ತಿ. ತಾಗಿಸಬೇಡಿ. ಉಜ್ಜುವ ಸದ್ದು ಶುರುವಾದಲ್ಲಿ ನಿಲ್ಲಿಸಿ. ಕಫ ಕೀಳುವಷ್ಟು ಗಟ್ಟಿಯಾಗಿ ಉಜ್ಜುವುದೂ ಬೇಡ.

ಅಂಗುಳದ ಧ್ವನಿಯೇ ನಿಜವಾದ ತೊಡಕು. ‘ಇಯ಼್’ ಬಹುತೇಕರ ಬಾಯಲ್ಲಿ ‘ಇಶ್’ ಆಗುತ್ತದೆ, ಕೆಲವರ ಬಾಯಲ್ಲಿ ‘ಇಕ್’ ಆಗುತ್ತದೆ. ಅದನ್ನು ತರುವ ದಾರಿ ಹೀಗೆ. ‘ಈ’ ಎಂದು ಎಳೆಯಿರಿ. ನಾಲಿಗೆ, ತುಟಿ, ದವಡೆ ಯಾವುದನ್ನೂ ಕದಲಿಸದೆ ಗಂಟಲ ದನಿಯನ್ನು ಮಾತ್ರ ಆರಿಸಿಬಿಡಿ, ಉಸಿರನ್ನು ಮಾತ್ರ ಸ್ವಲ್ಪ ಜೋರಾಗಿ ಬಿಡಿ. ಅಂಗುಳದ ಕೆಳಗೆ ತೆಳ್ಳಗೆ ಸುಯ್ಯುವ ಸದ್ದು ಬರುತ್ತದೆ. ಅದೇ ಯ಼. ಯಕಾರವನ್ನು ಪಿಸುಗುಟ್ಟಿದರೂ ಅದೇ ಬರುತ್ತದೆ, ಅದಕ್ಕೇ ಈ ಗುರುತು. ಶಕಾರಕ್ಕೂ ಇದಕ್ಕೂ ಇರುವ ಭೇದ ನಾಲಿಗೆಯ ತುದಿಯಲ್ಲಿದೆ. ಯ಼ದಲ್ಲಿ ತುದಿ ಕೆಳಹಲ್ಲಿನ ಹಿಂದೆ ಸುಮ್ಮನೆ ಮಲಗಿರುತ್ತದೆ, ತುಟಿ ನಕ್ಕಂತೆ ಅಗಲವಾಗಿರುತ್ತದೆ. ಜರ್ಮನ್ನಿನ ಶಕಾರದಲ್ಲಿ ನಾಲಿಗೆಯ ಮುಂಭಾಗ ಮೇಲೇಳುತ್ತದೆ, ತುಟಿ ಮುಂದೆ ಚಾಚುತ್ತದೆ. ಸಂಶಯ ಬಂದರೆ ಬಾಯಿಯನ್ನು ಹಾಗೇ ಇಟ್ಟು ಉಸಿರನ್ನು ಒಳಕ್ಕೆ ಎಳೆದುಕೊಳ್ಳಿ. ತಣ್ಣನೆಯ ಗಾಳಿ ಮೇಲಿನ ಹಲ್ಲುಗಳ ಬುಡಕ್ಕೆ ತಾಗಿದರೆ ಅದು ಶಕಾರ. ಅಂಗುಳದ ನಡುವೆ ತಾಗಿದರೆ ಯ಼. ಇನ್ನೂ ಹಿಂದೆ, ಕಿರುನಾಲಗೆಯ ಹತ್ತಿರ ತಾಗಿದರೆ ಖ಼. ‘ಕಿರ್‌ಯ಼ೆ’ ಚರ್ಚು, ‘ಕಿರ್ಶೆ’ ಚೆರಿ ಹಣ್ಣು.

ಎರಡು ಧ್ವನಿಗಳಲ್ಲಿ ಯಾವುದು ಎಲ್ಲಿ? ಪುಸ್ತಕಗಳು ಪಟ್ಟಿ ಕೊಡುತ್ತವೆ: ಅ, ಒ, ಉ ಮತ್ತು ಅವುಗಳ ದೀರ್ಘದ ನಂತರ, ‘ಆವ್’ ನಂತರ ಖ಼, ಉಳಿದೆಡೆ ಯ಼. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಮಾತಾಡುವಾಗ ಮರೆಯುತ್ತಾರೆ. ಪಟ್ಟಿಯ ಹಿಂದಿನ ಕಾರಣ ಹಿಡಿದರೆ ಪಟ್ಟಿ ಬೇಡ. ಮೇಲೆ ಯ಼ ಹುಟ್ಟಿದ್ದು ಹೇಗೆ? ‘ಈ’ ಹೇಳಿ ದನಿ ಆರಿಸಿದೆವು. ಈಗ ‘ಊ’ ಹೇಳಿ, ನಾಲಿಗೆಯನ್ನು ಒಂದಿಷ್ಟು ಎತ್ತಿ, ದನಿ ಆರಿಸಿ, ಉಸಿರು ಬಿಡಿ. ಖ಼ ಬಂತು. ಅಂದರೆ ಈ ವ್ಯಂಜನ ತನ್ನ ಹಿಂದಿನ ಸ್ವರದ ನೆರಳು. ಸ್ವರ ನಿಂತ ಜಾಗದಲ್ಲೇ ಉಸಿರು ಉಜ್ಜುತ್ತದೆ. ಸ್ವರ ಮುಂದಿನದಾದರೆ ಉಜ್ಜುವಿಕೆ ಮುಂದೆ, ಸ್ವರ ಹಿಂದಿನದಾದರೆ ಉಜ್ಜುವಿಕೆ ಹಿಂದೆ.

ಇಲ್ಲಿಗೆ ನಾಲ್ಕೂ ಧ್ವನಿಗಳು ಒಂದೆಡೆ ಸೇರುತ್ತವೆ. ಜರ್ಮನ್ನಿನಲ್ಲಿ ‘ಬೂಖ಼್’ ಎಂದರೆ ಪುಸ್ತಕ, ‘ಬೀ°ಯ಼ರ್’ ಎಂದರೆ ಪುಸ್ತಕಗಳು. ಬಹುವಚನದಲ್ಲಿ ಸ್ವರ ಹಿಂದಿನಿಂದ ಮುಂದಕ್ಕೆ ಬಂತು, ಅದರ ಬೆನ್ನಿಗೇ ವ್ಯಂಜನವೂ ಬಂತು. ಬರಹದಲ್ಲಿ ವ್ಯಂಜನ ಬದಲಾಗಿಲ್ಲ, ಬಾಯಲ್ಲಿ ಬದಲಾಗಿದೆ. ‘ಟೊಖ಼್‌ಟರ್’ ಮಗಳು, ‘ಟೆ°ಯ಼್‌ಟರ್’ ಹೆಣ್ಣುಮಕ್ಕಳು. ‘ಲೊಖ಼್’ ತೂತು, ‘ಲೆ°ಯ಼ರ್’ ತೂತುಗಳು. ಅಕ್ಷರದ ನೆತ್ತಿಯ ಎರಡು ಚುಕ್ಕೆ ಎಂದರೆ ‘ನಾಲಿಗೆ ಮುಂದಕ್ಕೆ’ ಎಂಬ ಸೂಚನೆ. ಹಳೆಯ ಕಾಲದಲ್ಲಿ ಮುಂದಿನ ಉಚ್ಚಾರಾಂಶದಲ್ಲಿದ್ದ ‘ಇ’ಯೊಂದು ಹಿಂದಿನ ಸ್ವರವನ್ನು ತನ್ನೆಡೆಗೆ ಎಳೆದುಕೊಂಡಿತು. ಅತಿಥಿ ಎಂಬ ಅರ್ಥದ ‘ಗಸ್ಟ್’ ಹಳೆಯ ಜರ್ಮನ್ನಿನಲ್ಲಿ ಬಹುವಚನಕ್ಕೆ ‘ಗೆಸ್ಟಿ’ ಆದದ್ದು ಹೀಗೆ. ಆಮೇಲೆ ಆ ‘ಇ’ ಮಸುಕಾಯಿತು, ಅದು ಎಳೆದ ಸ್ವರ ಮಾತ್ರ ಎಳೆದಲ್ಲೇ ಉಳಿಯಿತು. ಕನ್ನಡದಲ್ಲೂ ‘ಇ’ಗೆ ಇಂಥ ಸೆಳೆತ ಇತ್ತು. ಹೆದ್ದಾರಿ, ಹೆಬ್ಬಾವುಗಳಲ್ಲಿ ‘ಹೆ’ ಆಗಿ ಉಳಿದ ದೊಡ್ಡತನ ‘ಹಿರಿಯ’ದಲ್ಲಿ ‘ಹಿ’ ಆದದ್ದು ಮುಂದಿನ ಇಕಾರದ ದೆಸೆಯಿಂದಲೇ. ತಮಿಳಿನ ‘ಪೆರಿಯ’ ಇನ್ನೂ ಹಳೆಯ ಎಕಾರವನ್ನು ಉಳಿಸಿಕೊಂಡಿದೆ.

ಈ ಜೋಡಿಯನ್ನು ನಾನು ಹೇಗೆ ಬಳಸುತ್ತೇನೆ ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಹಾಸನದ ಕಡೆಯ ಒಬ್ಬ ಹುಡುಗಿ, ನರ್ಸ್, ‘ಪುಸ್ತಕಗಳು’ ಎಂಬ ಪದದಲ್ಲಿ ಎರಡು ವಾರ ಸಿಕ್ಕಿಹಾಕಿಕೊಂಡಿದ್ದಳು. ಮೊದಲು ಅವಳು ‘ಬ್ಯೂಶರ್’ ಎನ್ನುತ್ತಿದ್ದಳು. ಯಕಾರ ಬೇಡ, ತುಟಿ ಮೊದಲೇ ದುಂಡಗಿರಲಿ ಎಂದೆ. ಮರುದಿನ ಯಕಾರ ಹೋಗಿತ್ತು, ಆದರೆ ಪದ ‘ಬೂಖ಼ರ್’ ಆಗಿತ್ತು.

“ಸರ್, ತುಟಿ ದುಂಡಗೆ ಮಾಡಿದ್ದೀನಲ್ಲ, ಸ್ವರ ಸರಿ ಬಂತಲ್ವಾ? ಖ಼ ಒಂದು ತಪ್ಪಾಯ್ತು, ಅದನ್ನ ಸರಿಮಾಡ್ಕೋತೀನಿ.”

“ಇಲ್ಲಮ್ಮ, ಖ಼ ತಪ್ಪಲ್ಲ. ನಿನ್ನ ಸ್ವರಕ್ಕೆ ಅದು ಸರಿಯಾಗೇ ಬಂದಿದೆ. ಸ್ವರ ತಪ್ಪಿದೆ ಅಂತ ಅದು ಹೇಳ್ತಾ ಇದೆ” ಎಂದೆ.

ಅವಳ ನಾಲಿಗೆ ‘ಊ’ವಿನಲ್ಲಿತ್ತು. ಅಲ್ಲಿಂದ ಖ಼ವೇ ಹುಟ್ಟಬೇಕು. ಯ಼ವನ್ನು ಬಲವಂತವಾಗಿ ತಂದಿದ್ದರೆ ನಾಲಿಗೆ ಪದದ ನಡುವೆ ಹಿಂದಿನಿಂದ ಮುಂದಕ್ಕೆ ನೆಗೆಯಬೇಕಾಗುತ್ತಿತ್ತು, ಮತ್ತೆ ಯಕಾರ ನುಸುಳುತ್ತಿತ್ತು. ಸ್ವರ ಕಿವಿಗೆ ಮೋಸ ಮಾಡುತ್ತದೆ, ವ್ಯಂಜನ ಮಾಡುವುದಿಲ್ಲ. ‘ಊ’ಗೂ ‘ಈ°’ಗೂ ಇರುವ ಭೇದ ಹೊಸಬರಿಗೆ ಕೇಳಿಸುವುದಿಲ್ಲ, ಆದರೆ ಗಂಟಲು ಉಜ್ಜಿತೋ ಅಂಗುಳು ಉಜ್ಜಿತೋ ಎಂಬುದು ಮೈಗೆ ಗೊತ್ತಾಗುತ್ತದೆ. ಹಾಗಾಗಿ ಪದವನ್ನು ಬಾಲದಿಂದ ಕಟ್ಟಿಸಿದೆ. ಮೊದಲು ‘ಯ಼ರ್’, ಬರೀ ಅಷ್ಟೇ, ಹತ್ತು ಸಲ. ಆಮೇಲೆ ‘ಈಯ಼ರ್’, ಉಂಗುರವಿಲ್ಲದೆ. ‘ಈ’ಯಿಂದ ಯ಼ಕ್ಕೆ ಹೋಗುವಾಗ ನಾಲಿಗೆ ಕದಲುವುದಿಲ್ಲ ಎಂಬುದು ಅವಳಿಗೆ ತಿಳಿಯಿತು. ಆಮೇಲೆ ಅದನ್ನೇ ತುಟಿ ದುಂಡಗೆ ಇಟ್ಟು: ‘ಈ°ಯ಼ರ್’. ಕೊನೆಗೆ ದುಂಡಗಿನ ತುಟಿಯನ್ನೇ ಮುಚ್ಚಿ ಬಿಟ್ಟು ಬಕಾರ. ‘ಬೀ°ಯ಼ರ್’ ಬಂತು. ಒಮ್ಮೆ ಬಂದದ್ದು ಮರುಗಳಿಗೆ ತಪ್ಪಿತು, ಮತ್ತೆ ಬಂತು. ಮೂರು ದಿನಗಳ ನಂತರ ‘ಬೂಖ಼್, ಬೀ°ಯ಼ರ್, ಬೂಖ಼್, ಬೀ°ಯ಼ರ್’ ಎಂದು ಉಯ್ಯಾಲೆಯಂತೆ ಹೇಳಬಲ್ಲವಳಾದಳು.

ಕೊನೆಗೆ ಸ್ವರ ಸೇರಿಸುವ ನಮ್ಮ ಅಭ್ಯಾಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಸ್ಸು, ಕಾರು ಎನ್ನುವ ಬಾಯಿ ‘ಬೂಖ಼್’ಗೂ ಒಂದು ಉಕಾರ ಅಂಟಿಸುತ್ತದೆ. ಕೈಯನ್ನು ಗಂಟಲ ಮೇಲಿಟ್ಟುಕೊಂಡು ಹೇಳಿ. ಪದದ ಕೊನೆಯಲ್ಲಿ ಗಂಟಲು ಅದುರಬಾರದು, ಬರೀ ಗಾಳಿ ಹೋಗಬೇಕು.

ನೆರಳಿನ ನಿಯಮಕ್ಕೆ ಮಿತಿಗಳಿವೆ. ಲ, ನ, ರ ವ್ಯಂಜನಗಳ ನಂತರ ಹಿಂದೆ ಯಾವ ಸ್ವರವಿದ್ದರೂ ಯ಼ವೇ: ‘ಮಿಲ್‌ಯ಼್’ ಹಾಲು, ‘ಡುರ್‌ಯ಼್’ ಎಂದರೆ ಮೂಲಕ. ಪುಟ್ಟದು ಎಂಬ ಅರ್ಥ ಕೊಡುವ ‘ಯ಼ನ್’ ಪ್ರತ್ಯಯ ಯಾವ ಸ್ವರದ ನಂತರ ಬಂದರೂ ತನ್ನ ಧ್ವನಿ ಬಿಡುವುದಿಲ್ಲ. ‘ರಾವ್‌ಖ಼ನ್’ ಎಂದರೆ ಸಿಗರೇಟು ಸೇದುವುದು. ‘ಫ್ರಾವ್‌ಯ಼ನ್’ ಎಂದರೆ ನಾಯಿಯೊಂದರ ಒಡತಿ. ಸ್ವರ ಒಂದೇ, ವ್ಯಂಜನ ಬೇರೆ, ಏಕೆಂದರೆ ಎರಡನೆಯದರಲ್ಲಿ ಪ್ರತ್ಯಯ ಬೇರೆಯಾಗಿ ಅಂಟಿದೆ. ಇದರ ಮುಂದೆ ಸಕಾರ ಬಂದರೆ ಹಲವು ಪದಗಳಲ್ಲಿ ಬರೀ ‘ಕ್ಸ್’: ಆರು ಎಂಬುದು ‘ಜ಼ೆಕ್ಸ್’. ರಾಜ ಎಂಬ ಪದ ಬರಹದಲ್ಲಿ ಗಕಾರದಿಂದ ಮುಗಿದರೂ ಪ್ರಮಾಣ ಉಚ್ಚಾರಣೆಯಲ್ಲಿ ‘ಕೇ°ನಿಯ಼್’ ಆಗುತ್ತದೆ.

ಜರ್ಮನ್ನಾಡಿಗೆ ಹೋದ ಮೇಲೆ ಕಿವಿಗೆ ಬೀಳುವುದು ಯಾವಾಗಲೂ ಹೀಗೇ ಇರುವುದಿಲ್ಲ. ಕೆ°ಲ್ನ್ ನಗರದ ಸುತ್ತ, ರೈನ್ ನದಿಯ ಸೀಮೆಯಲ್ಲಿ, ಊರಿನವರೇ ಯ಼ವನ್ನು ಶಕಾರಕ್ಕೆ ಹತ್ತಿರವಾಗಿ ಹೇಳುತ್ತಾರೆ. ದಕ್ಷಿಣದಲ್ಲಿ ‘ರಾಜ’ನ ಕೊನೆಗೆ ಕಕಾರ ಕೇಳಿಸುತ್ತದೆ. ಸ್ವಿಟ್ಜರ್ಲೆಂಡಿನ ಆಡುಮಾತಿನಲ್ಲಿ ‘ಇ’ಯ ನಂತರವೂ ಗಂಟಲ ಖ಼ವೇ. ಆ ಹುಡುಗಿಗೆ ಕೊನೆಗೆ ಕೆಲಸ ಸಿಕ್ಕಿದ್ದು ಕೆ°ಲ್ನ್‌ನಲ್ಲಿ. ಹೋದ ಮೊದಲ ತಿಂಗಳು ಫೋನ್ ಮಾಡಿದಳು. “ಸರ್, ಇಲ್ಲಿ ವಾರ್ಡಿನಲ್ಲಿ ವಯಸ್ಸಾದವರೆಲ್ಲ ‘ಇಶ್’ ಅಂತಲೇ ಅಂತಾರೆ. ನಾನೂ ಹಾಗೇ ಅಂದುಬಿಡ್ಲಾ?”

“ಅವರು ‘ಪುಸ್ತಕಗಳು’ ಅನ್ನುವಾಗ ತುಟಿ ನೋಡು, ಸ್ವರ ಕೇಳು. ಆಮೇಲೆ ಹೇಳು” ಎಂದೆ.

ಎರಡು ದಿನ ಬಿಟ್ಟು ಮತ್ತೆ ಫೋನ್ ಬಂತು. ಅವರ ವ್ಯಂಜನ ಶಕಾರದ ಕಡೆಗೆ ಸರಿದಿದ್ದರೂ ಸ್ವರ ಶುದ್ಧ ಈ°ಯೇ ಆಗಿತ್ತಂತೆ, ಬಕಾರಕ್ಕೆ ಮುಂಚೆಯೇ ತುಟಿ ದುಂಡಗಿರುತ್ತಿತ್ತಂತೆ. ತಾನು ಸದ್ಯಕ್ಕೆ ಯ಼ವನ್ನೇ ಇಟ್ಟುಕೊಳ್ಳುತ್ತೇನೆ ಎಂದಳು. ಅದು ಕೈಬಿಟ್ಟರೆ ತನ್ನ ಸ್ವರ ಜಾರಿದ್ದು ತನಗೇ ಗೊತ್ತಾಗುವುದಿಲ್ಲವಂತೆ.